ಒಬ್ಬನೇ ಗ್ರಾಹಕನ ಕೆಲಸಗಳು ಸರದಿ ತಪ್ಪುವುದೇಕೆ? ಪಾರ್ಟಿಷನ್ ಇರುವ ಕ್ಯೂನಲ್ಲಿ ತಪ್ಪಿದ ಜಾಗ ಹುಡುಕಿ ಸರಿಪಡಿಸುವ ಬಗೆ

"ಗ್ರಾಹಕನ ಐಡಿಯನ್ನೇ ಕೀ ಆಗಿ ಕೊಟ್ಟಿದ್ದೇವೆ. ಆದರೂ ಅವರ ಎರಡನೇ ಕೆಲಸ ಮೊದಲು ಮುಗಿಯುತ್ತೆ, ಮೊದಲನೆಯದು ಆಮೇಲೆ. ಯಾಕೆ?" ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಪೂರ್ತಿ ದಾರಿಯನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಉದಾಹರಣೆಗೆ ಕಾಫ್ಕಾವನ್ನು ತೆಗೆದುಕೊಂಡಿದ್ದೇನೆ. ಪಾರ್ಟಿಷನ್ ಇರುವ ಬೇರೆ ಕ್ಯೂಗಳಲ್ಲೂ ಹೆಸರುಗಳು ಬದಲಾಗುತ್ತವೆ, ಕಾರಣಗಳು ಹೆಚ್ಚು ಕಡಿಮೆ ಇವೇ.

ಕೊನೆಯವರೆಗೂ ಒಂದೇ ಪ್ರಸಂಗವನ್ನು ಹಿಡಿದುಕೊಂಡು ಹೋಗೋಣ. C4417 ಎಂಬ ಐಡಿಯ ಗ್ರಾಹಕ ತನ್ನ ಇಮೇಲ್ ಬದಲಿಸುತ್ತಾರೆ. ಅದರಲ್ಲಿ ಒಂದಕ್ಷರ ತಪ್ಪಿದ್ದು ಗೊತ್ತಾಗಿ ತಕ್ಷಣ ಮತ್ತೊಮ್ಮೆ ಬದಲಿಸುತ್ತಾರೆ. ಕ್ಯೂಗೆ ಎರಡು ಮೆಸೇಜ್ ಬೀಳುತ್ತವೆ. ಮೊದಲನೆಯದಕ್ಕೆ 7, ಎರಡನೆಯದಕ್ಕೆ 8 ಎಂದು ಕರೆಯೋಣ. ಕೊನೆಯಲ್ಲಿ ಮೆಸೇಜ್ ಓದಿ ಕೆಲಸ ಮಾಡುವ ಕಡೆಯ ಡೇಟಾಬೇಸ್‌ನಲ್ಲಿ ಉಳಿಯಬೇಕಾದದ್ದು 8. ಉಳಿದಿರುವುದು 7, ಅಂದರೆ ಅಕ್ಷರ ತಪ್ಪಿದ ಇಮೇಲ್.

ಮುಂದೆ ಹೋಗುವ ಮೊದಲು ನಿಮ್ಮ ಕೈಯಲ್ಲಿ ಮೂರು ಸಂಗತಿ ಇರಬೇಕು. ಟಾಪಿಕ್ ಅನ್ನು ನೇರವಾಗಿ ಓದುವ ಅನುಮತಿ, ಮೆಸೇಜ್ ಕಳಿಸುವ ಪ್ರೊಡ್ಯೂಸರ್ ಮತ್ತು ಅದನ್ನು ಓದಿ ಕೆಲಸ ಮಾಡುವ ಕನ್ಸ್ಯೂಮರ್ ಎರಡರ ಕೋಡ್, ಮತ್ತು ಸರದಿ ತಪ್ಪಿದ ಒಬ್ಬ ನಿಜವಾದ ಗ್ರಾಹಕನ ಐಡಿ. ಕೊನೆಯದು ಇಲ್ಲದೆ ಹುಡುಕಲು ಹೊರಟರೆ ಸುಮ್ನೆ ಊಹೆಯಲ್ಲೇ ದಿನ ಕಳೆಯುತ್ತದೆ.

ಹಂತ 1: ಕ್ಯೂ ಕೊಟ್ಟ ಮಾತು ಎಷ್ಟು ಎಂದು ತಿಳಿದುಕೊಳ್ಳಿ

ಟಾಪಿಕ್ ಅಂದರೆ ಒಂದು ಬಗೆಯ ಮೆಸೇಜ್‌ಗಳಿಗೆ ಇಟ್ಟ ಹೆಸರು. ಅದರೊಳಗೆ ಹಲವು ಪಾರ್ಟಿಷನ್‌ಗಳಿರುತ್ತವೆ. ಪಾರ್ಟಿಷನ್ ಒಂದು ಉದ್ದನೆಯ ದಾಖಲೆ ಪುಸ್ತಕದ ಹಾಗೆ. ಹೊಸ ಮೆಸೇಜ್ ಯಾವಾಗಲೂ ಕೊನೆಗೇ ಸೇರುತ್ತದೆ, ಮಧ್ಯದಲ್ಲಿ ತೂರುವುದಿಲ್ಲ. ಸೇರಿದ ಜಾಗದ ಸಂಖ್ಯೆಯೇ ಆಫ್‌ಸೆಟ್.

ಕ್ಯೂ ಕೊಡುವ ಮಾತು ಇಷ್ಟೇ: ಒಂದು ಪಾರ್ಟಿಷನ್‌ನೊಳಗೆ ಮೆಸೇಜ್‌ಗಳು ಬಂದು ಸೇರಿದ ಸರದಿಯಲ್ಲೇ ಇರುತ್ತವೆ, ಅದೇ ಸರದಿಯಲ್ಲಿ ನಿಮ್ಮ ಕೈಗೆ ಬರುತ್ತವೆ. ಎರಡು ಪಾರ್ಟಿಷನ್‌ಗಳ ನಡುವೆ ಯಾವ ಸರದಿಯೂ ಇಲ್ಲ. ಕೈಗೆ ಬಂದ ಮೇಲೆ ನೀವು ಅದನ್ನು ಯಾವ ಸರದಿಯಲ್ಲಿ ಮಾಡಿ ಮುಗಿಸುತ್ತೀರಿ ಎಂಬುದಕ್ಕೂ ಕ್ಯೂಗೂ ಸಂಬಂಧವಿಲ್ಲ.

ಹಾಗಾಗಿ ಸರದಿ ತಪ್ಪಲು ಮೂರು ಜಾಗಗಳಿವೆ. ಒಂದು, ಮೆಸೇಜ್ ಪಾರ್ಟಿಷನ್‌ಗೆ ಸೇರುವ ಮೊದಲು. ಎರಡು, ಬೇರೆ ಬೇರೆ ಪಾರ್ಟಿಷನ್‌ಗೆ ಹೋಗಿಬಿಟ್ಟಾಗ. ಮೂರು, ಪಾರ್ಟಿಷನ್‌ನಿಂದ ಹೊರಬಂದ ಮೇಲೆ. ಹೆಚ್ಚಿನವರು ಎರಡನೆಯದನ್ನೇ ಅನುಮಾನಿಸುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಜಾಸ್ತಿ ಇರುವುದು ಮೂರನೆಯದರಲ್ಲಿ.

ಹಂತ 2: ಎಲ್ಲಿ ತಪ್ಪಿದೆ ಎಂದು ಮೊದಲು ನೋಡಿ

ಕೋಡ್ ಮುಟ್ಟುವ ಮೊದಲು ಟಾಪಿಕ್‌ನಲ್ಲಿ ಏನು ಬಿದ್ದಿದೆ ಎಂದು ಕಣ್ಣಾರೆ ನೋಡಬೇಕು.

```
kafka-console-consumer.sh \
  --bootstrap-server localhost:9092 \
  --topic customer-tasks --from-beginning \
  --property print.key=true \
  --property print.partition=true \
  --property print.offset=true | grep -i C4417
```

ಪ್ರತಿ ಸಾಲಿನಲ್ಲೂ ಪಾರ್ಟಿಷನ್, ಆಫ್‌ಸೆಟ್, ಕೀ, ಮೆಸೇಜ್ ಕಾಣುತ್ತವೆ. ಈಗ 7 ಮತ್ತು 8ರ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಎರಡರ ಪಾರ್ಟಿಷನ್ ಬೇರೆ ಬೇರೆ ಇದ್ದರೆ ತೊಂದರೆ ಕೀಯಲ್ಲಿದೆ, ಹಂತ 3ಕ್ಕೆ ಹೋಗಿ. ಪಾರ್ಟಿಷನ್ ಒಂದೇ, ಆದರೆ 8ರ ಆಫ್‌ಸೆಟ್ 7ಕ್ಕಿಂತ ಚಿಕ್ಕದಿದ್ದರೆ ಕಳಿಸುವಾಗಲೇ ತಿರುವುಮುರುವಾಗಿದೆ, ಹಂತ 4. ಪಾರ್ಟಿಷನ್ ಒಂದೇ, ಆಫ್‌ಸೆಟ್ ಸರದಿಯೂ ಸರಿ ಇದ್ದರೆ ಕ್ಯೂ ತನ್ನ ಮಾತು ಉಳಿಸಿಕೊಂಡಿದೆ. ತಪ್ಪು ನಿಮ್ಮ ಕನ್ಸ್ಯೂಮರ್‌ನಲ್ಲಿದೆ, ಹಂತ 5 ಮತ್ತು 6.

ಎಚ್ಚರಿಕೆ: ಪರದೆಯ ಮೇಲೆ ಸಾಲುಗಳು ಮೂಡುವ ಸರದಿಯನ್ನು ನಂಬಬೇಡಿ. ಈ ಕಮಾಂಡ್ ಎಲ್ಲ ಪಾರ್ಟಿಷನ್‌ಗಳನ್ನೂ ಒಟ್ಟಿಗೆ ಓದುತ್ತದೆ. ಬೇರೆ ಬೇರೆ ಪಾರ್ಟಿಷನ್‌ನ ಸಾಲುಗಳು ಹೇಗೆ ಬೇಕಾದರೂ ಕಲಸಿಕೊಂಡು ಬರಬಹುದು. ಹೋಲಿಸಬೇಕಾದದ್ದು ಒಂದೇ ಪಾರ್ಟಿಷನ್‌ನ ಆಫ್‌ಸೆಟ್‌ಗಳನ್ನು ಮಾತ್ರ.

ಹಂತ 3: ಕೀ ನಿಜವಾಗಿಯೂ ಒಂದೇನಾ?

ಕೀ ಅಂದರೆ ಮೆಸೇಜ್ ಜೊತೆ ಹೋಗುವ ಗುರುತು. ಪ್ರೊಡ್ಯೂಸರ್ ಆ ಕೀಯ ಬೈಟ್‌ಗಳಿಂದ ಒಂದು ದೊಡ್ಡ ಸಂಖ್ಯೆ ತೆಗೆಯುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಸಂಖ್ಯೆಯನ್ನು ಪಾರ್ಟಿಷನ್‌ಗಳ ಎಣಿಕೆಯಿಂದ ಭಾಗಿಸಿದಾಗ ಉಳಿಯುವ ಶೇಷವೇ ಪಾರ್ಟಿಷನ್ ನಂಬರ್. ಒಂದೇ ಕೀ, ಒಂದೇ ಲೆಕ್ಕ, ಒಂದೇ ಪಾರ್ಟಿಷನ್. ಇದರಲ್ಲಿ ಯಾವುದಾದರೂ ಒಂದು ಬದಲಾದರೂ ಕೆಟ್ಟಿತು.

ಮೊದಲು ಕೀ ಕೊಟ್ಟಿದ್ದೀರಾ ಎಂದು ನೋಡಿ. ಮೆಸೇಜ್ ಒಳಗೆ ಗ್ರಾಹಕನ ಐಡಿ ಇದ್ದರೆ ಸಾಲದು, ಕೀ ಜಾಗದಲ್ಲೂ ಇರಬೇಕು. ಕೀ ಖಾಲಿ ಬಿಟ್ಟರೆ ಪ್ರೊಡ್ಯೂಸರ್ ತನಗೆ ತೋಚಿದ ಪಾರ್ಟಿಷನ್‌ಗೆ ಹಾಕುತ್ತದೆ. ಜಾವಾ ಕ್ಲೈಂಟ್‌ನಲ್ಲಿ 2.4ನೇ ಆವೃತ್ತಿಯಿಂದ ಕೀ ಇಲ್ಲದ ಮೆಸೇಜ್‌ಗಳು ಸ್ವಲ್ಪ ಹೊತ್ತು ಒಂದೇ ಪಾರ್ಟಿಷನ್‌ಗೆ ಹೋಗಿ, ಆಮೇಲೆ ಇನ್ನೊಂದಕ್ಕೆ ಹೋಗುತ್ತವೆ. ಅದಕ್ಕೇ ಎರಡು ಮೂರು ಮೆಸೇಜ್ ಕಳಿಸಿ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ನಿಜವಾದ ಹೊರೆ ಬಿದ್ದಾಗ ಚದುರಿಹೋಗುತ್ತದೆ.

ಮುಂದಿನದು ಬೈಟ್‌ಗಳು. ಲೆಕ್ಕ ನಡೆಯುವುದು ಕೀಯ ಅರ್ಥದ ಮೇಲಲ್ಲ, ಬೈಟ್‌ಗಳ ಮೇಲೆ. ಒಂದು ಸರ್ವಿಸ್ `C4417` ಎಂದು ಕಳಿಸಿ ಇನ್ನೊಂದು `c4417` ಎಂದು ಕಳಿಸಿದರೆ ಅವು ಎರಡು ಬೇರೆ ಕೀಗಳು. 4417 ಅನ್ನು ಒಬ್ಬರು ಅಕ್ಷರಗಳಾಗಿ, ಇನ್ನೊಬ್ಬರು ಸಂಖ್ಯೆಯಾಗಿ ಬೈಟ್‌ಗೆ ಇಳಿಸಿದರೂ ಅಷ್ಟೇ. ಲಾಗ್‌ನಲ್ಲಿ ಎರಡೂ "4417" ಎಂದೇ ಕಾಣುತ್ತವೆ, ಆದ್ದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು, ಎರಡು ಭಾಷೆಗಳಲ್ಲಿ ಬರೆದ ಪ್ರೊಡ್ಯೂಸರ್‌ಗಳು. ಜಾವಾ ಕ್ಲೈಂಟ್ ಮರ್ಮರ್2 ಎಂಬ ಹ್ಯಾಶ್ ಬಳಸುತ್ತದೆ. `librdkafka` ಮೇಲೆ ಕಟ್ಟಿದ ಕ್ಲೈಂಟ್‌ಗಳು ನೀವೇನೂ ಹೇಳದಿದ್ದರೆ ಸಿಆರ್‌ಸಿ32 ಬಳಸುತ್ತವೆ. ಒಂದೇ ಟಾಪಿಕ್‌ಗೆ ಇವೆರಡೂ ಬರೆದರೆ ಕೀ ಬೈಟ್ ಬೈಟ್ ಒಂದೇ ಇದ್ದರೂ ಪಾರ್ಟಿಷನ್ ಬೇರೆಯಾಗಬಹುದು. ಎರಡನೆಯದರಲ್ಲಿ `partitioner=murmur2_random` ಎಂದು ಹಾಕಿದರೆ ಎರಡೂ ಒಂದೇ ದಾರಿಗೆ ಬರುತ್ತವೆ.

ಕೊನೆಯದು ಪಾರ್ಟಿಷನ್ ಎಣಿಕೆ. ಹೊರೆ ಜಾಸ್ತಿ ಆಯಿತು ಎಂದು ಯಾರೋ 6 ಪಾರ್ಟಿಷನ್‌ಗಳನ್ನು 8ಕ್ಕೆ ಏರಿಸಿದರು ಎಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು C4417ರ ಹ್ಯಾಶ್ 46 ಎಂದು ಇಟ್ಟುಕೊಳ್ಳೋಣ. 46ನ್ನು 6ರಿಂದ ಭಾಗಿಸಿದರೆ ಶೇಷ 4. 8ರಿಂದ ಭಾಗಿಸಿದರೆ ಶೇಷ 6. ಏರಿಸುವ ಮೊದಲು ಬಂದ 7ನೇ ಮೆಸೇಜ್ ಪಾರ್ಟಿಷನ್ 4ರಲ್ಲೇ ಕೂತಿರುತ್ತದೆ, ಹಳೆಯದನ್ನು ಯಾರೂ ಎತ್ತಿ ಬೇರೆಡೆ ಇಡುವುದಿಲ್ಲ. ಏರಿಸಿದ ಮೇಲೆ ಬಂದ 8ನೆಯದು ಪಾರ್ಟಿಷನ್ 6ಕ್ಕೆ ಹೋಗುತ್ತದೆ. ಪಾರ್ಟಿಷನ್ 4ರಲ್ಲಿ ಬಾಕಿ ಕೆಲಸ ರಾಶಿ ಬಿದ್ದಿದೆ, 6 ಹೊಸದು, ಖಾಲಿ ಇದೆ. 8 ಮೊದಲು ಓಡಿಬಿಡುತ್ತದೆ.

ಸರದಿ ಮುಖ್ಯವಾದ ಟಾಪಿಕ್‌ನಲ್ಲಿ ಎಣಿಕೆ ಏರಿಸಲೇಬೇಕಾದರೆ ಪ್ರೊಡ್ಯೂಸರ್‌ಗಳನ್ನು ನಿಲ್ಲಿಸಿ, ಬಾಕಿ ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಏರಿಸಿ. ಬಾಕಿ ಎಷ್ಟಿದೆ ಎಂದು `kafka-consumer-groups.sh --describe` ಕಮಾಂಡ್‌ನ `LAG` ಕಾಲಮ್ ಹೇಳುತ್ತದೆ. ಎಲ್ಲ ಪಾರ್ಟಿಷನ್‌ನಲ್ಲೂ ಅದು 0 ಆಗಬೇಕು. ಮೊದಲ ದಿನವೇ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಪಾರ್ಟಿಷನ್ ಇಟ್ಟುಕೊಂಡರೆ ಈ ಪೇಚಾಟ ಬಹಳ ಕಾಲ ಬರುವುದಿಲ್ಲ.

ಹಂತ 4: ಕಳಿಸುವ ಕಡೆ

ಪಾರ್ಟಿಷನ್ ಒಂದೇ ಇದ್ದು ಆಫ್‌ಸೆಟ್ ತಿರುವುಮುರುವಾಗಿದ್ದರೆ ಕಾರಣ ಎರಡರಲ್ಲಿ ಒಂದು.

ಮೊದಲನೆಯದು, ಪ್ರೊಡ್ಯೂಸರ್‌ನ ಮರುಪ್ರಯತ್ನ. ಪ್ರೊಡ್ಯೂಸರ್ ಮೆಸೇಜ್‌ಗಳ ಒಂದು ಕಂತಿಗೆ ಉತ್ತರ ಬರುವ ಮೊದಲೇ ಮುಂದಿನ ಕಂತನ್ನೂ ಕಳಿಸುತ್ತದೆ. ಹೀಗೆ ಒಟ್ಟಿಗೆ 5 ಕಂತು ದಾರಿಯಲ್ಲಿರಬಹುದು. `max.in.flight.requests.per.connection` ಎಂಬುದರ ಮೂಲ ಬೆಲೆ ಅದೇ. 7 ಇದ್ದ ಕಂತು ನೆಟ್‌ವರ್ಕ್ ತೊಂದರೆಯಿಂದ ಬಿದ್ದುಹೋಗಿ, 8 ಇದ್ದ ಕಂತು ತಲುಪಿ, ಆಮೇಲೆ 7 ಮತ್ತೆ ಹೋದರೆ ಸರದಿ ತಪ್ಪಿತು. ಇದಕ್ಕೆ ಮದ್ದು `enable.idempotence=true`. ಆಗ ಪ್ರತಿ ಕಂತಿಗೂ ಒಂದು ಕ್ರಮಸಂಖ್ಯೆ ಅಂಟುತ್ತದೆ, ಸರದಿ ತಪ್ಪಿ ಬಂದದ್ದನ್ನು ಬ್ರೋಕರ್ ಒಪ್ಪುವುದಿಲ್ಲ. ಬ್ರೋಕರ್ ಅಂದರೆ ಮೆಸೇಜ್‌ಗಳನ್ನು ಇಟ್ಟುಕೊಳ್ಳುವ ಸರ್ವರ್.

ಕಾಫ್ಕಾ 3.0ರಿಂದ ಜಾವಾ ಕ್ಲೈಂಟ್‌ನಲ್ಲಿ ಇದು ತಾನಾಗೇ ಚಾಲೂ ಇರುತ್ತದೆ. ಆದರೆ ಒಂದು ಗುಂಡಿ ಇದೆ. ಹಳೆಯ ಕಾನ್ಫಿಗ್‌ನಲ್ಲಿ ಯಾರೋ ವೇಗಕ್ಕೆಂದು `acks=1` ಎಂದು ಬರೆದಿಟ್ಟಿದ್ದರೆ, `enable.idempotence` ಅನ್ನು ನೀವು ಕೈಯಾರೆ ಬರೆಯದಿದ್ದರೆ, ಅದು ಸದ್ದಿಲ್ಲದೆ ಆಫ್ ಆಗಿಬಿಡುತ್ತದೆ. ಕೈಯಾರೆ `true` ಎಂದು ಬರೆದಿದ್ದರೆ ಪ್ರೊಡ್ಯೂಸರ್ ಶುರುವಾಗುವಾಗಲೇ ಎರರ್ ಕೊಟ್ಟು ನಿಲ್ಲುತ್ತದೆ. ಅದಕ್ಕೇ ಈ ಸಾಲನ್ನು ಯಾವಾಗಲೂ ಬರೆದೇ ಇಡಿ.

ಎರಡನೆಯ ಕಾರಣ, ಒಬ್ಬನೇ ಗ್ರಾಹಕನಿಗಾಗಿ ಇಬ್ಬರು ಕಳಿಸುವುದು. ನಿಮ್ಮ ವೆಬ್ ಸರ್ವರ್‌ನ ನಾಲ್ಕು ಪ್ರತಿಗಳು ಓಡುತ್ತಿವೆ. 7ನೇ ಬದಲಾವಣೆ ಮೊದಲ ಪ್ರತಿಗೆ, 8ನೆಯದು ಮೂರನೇ ಪ್ರತಿಗೆ ಬಿತ್ತು. ಎರಡೂ ಪ್ರತಿಗಳು ವೆಬ್ ಸರ್ವರ್ ಕಡೆಯ ಡೇಟಾಬೇಸ್‌ಗೆ ಸರಿಯಾದ ಸರದಿಯಲ್ಲೇ ಬರೆದವು. ಆಮೇಲೆ ಕ್ಯೂಗೆ ಕಳಿಸುವಾಗ ಮೊದಲ ಪ್ರತಿ ಕ್ಷಣ ಹೊತ್ತು ತಡವರಿಸಿತು. ಕ್ಯೂಗೆ ಗೊತ್ತಿರುವುದು ತನ್ನ ಬಾಗಿಲಿಗೆ ಯಾರು ಮೊದಲು ಬಂದರು ಎಂಬುದು ಮಾತ್ರ. ಪ್ರೊಡ್ಯೂಸರ್‌ನ ಯಾವ ಸೆಟ್ಟಿಂಗ್ ಕೂಡ ಇದನ್ನು ಸರಿಪಡಿಸಲಾರದು.

ಇದಕ್ಕೆ ಔಟ್‌ಬಾಕ್ಸ್ ಎಂಬ ಪದ್ಧತಿ ಇದೆ. ಗ್ರಾಹಕನ ಸಾಲನ್ನು ಬದಲಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ, ಕಳಿಸಬೇಕಾದ ಮೆಸೇಜ್ ಅನ್ನೂ ಪಕ್ಕದ ಟೇಬಲ್‌ನಲ್ಲಿ ಬರೆದಿಡಿ. ಜೊತೆಗೆ ಆ ಗ್ರಾಹಕನ ವರ್ಶನ್ ನಂಬರನ್ನು ಒಂದು ಏರಿಸಿ, ಮೆಸೇಜ್‌ನಲ್ಲೂ ಹಾಕಿ. ನಮ್ಮ 7 ಮತ್ತು 8 ಹುಟ್ಟುವುದು ಇಲ್ಲೇ. ಒಂದು ಬದಲಾವಣೆ ನಡೆಯುವಾಗ ಗ್ರಾಹಕನ ಸಾಲಿಗೆ ಬೀಗ ಬಿದ್ದಿರುತ್ತದೆ, ಆದ್ದರಿಂದ ಇಬ್ಬರಿಗೆ ಒಂದೇ ನಂಬರ್ ಸಿಗುವುದಿಲ್ಲ. ಆಮೇಲೆ ಒಂದೇ ಒಂದು ಪ್ರೋಗ್ರಾಂ ಆ ಟೇಬಲ್ ಓದಿ, ಪ್ರತಿ ಗ್ರಾಹಕನ ವರ್ಶನ್ ಸರದಿಯಲ್ಲಿ ಕ್ಯೂಗೆ ಕಳಿಸುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. "ಹಿಂದಿನ ಸಲ ಐಡಿ 102ರವರೆಗೆ ಓದಿದ್ದೆ, ಈಗ 102ಕ್ಕಿಂತ ದೊಡ್ಡದನ್ನು ಕೊಡು" ಎಂದು ಆ ಟೇಬಲ್ ಓದಬೇಡಿ. ತಾನಾಗೇ ಏರುವ ಐಡಿ ಸಿಗುವುದು ಸಾಲು ಬರೆಯುವಾಗ, ಕಮಿಟ್ ಆಗುವಾಗಲ್ಲ. 101 ಪಡೆದ ಟ್ರಾನ್ಸಾಕ್ಷನ್ 102ಕ್ಕಿಂತ ತಡವಾಗಿ ಕಮಿಟ್ ಆಗಬಹುದು. ಆಗ 101 ನಿಮ್ಮ ಕಣ್ಣಿಗೆ ಬೀಳದೆ ಶಾಶ್ವತವಾಗಿ ಉಳಿದುಹೋಗುತ್ತದೆ. "ಇನ್ನೂ ಕಳಿಸಿಲ್ಲ" ಎಂಬ ಗುರುತಿರುವ ಸಾಲುಗಳನ್ನು ಓದಿ, ಕಳಿಸಿದ ಮೇಲೆ ಗುರುತು ಬದಲಿಸಿ.

ಹಂತ 5: ಕನ್ಸ್ಯೂಮರ್ ಒಳಗಿನ ಥ್ರೆಡ್‌ಗಳು

ಈಗ ಮುಖ್ಯ ಜಾಗಕ್ಕೆ ಬಂದೆವು. ಟಾಪಿಕ್‌ನಲ್ಲಿ 7 ಮತ್ತು 8 ಒಂದೇ ಪಾರ್ಟಿಷನ್‌ನಲ್ಲಿವೆ, ಆಫ್‌ಸೆಟ್ 500 ಮತ್ತು 501. ಎಲ್ಲ ಸರಿ ಇದೆ. ಆದರೂ ಫಲಿತಾಂಶ ತಪ್ಪು.

ಕನ್ಸ್ಯೂಮರ್ ಕೋಡ್ ತೆರೆದರೆ ಸಾಮಾನ್ಯವಾಗಿ ಕಾಣುವುದು ಇದು: ಮೆಸೇಜ್‌ಗಳನ್ನು ಒಂದು ಹಿಡಿಯಲ್ಲಿ ತರುತ್ತದೆ, ಪ್ರತಿಯೊಂದನ್ನೂ 16 ಥ್ರೆಡ್ ಇರುವ ಥ್ರೆಡ್ ಪೂಲ್‌ಗೆ ಎಸೆಯುತ್ತದೆ. ಥ್ರೆಡ್ ಪೂಲ್ ಅಂದರೆ ಕೆಲಸಕ್ಕಾಗಿ ಕಾದು ಕೂತ ಕೆಲಸಗಾರರ ಗುಂಪು. ಕೈ ಖಾಲಿ ಇದ್ದವರು ಮುಂದಿನ ಕೆಲಸ ಎತ್ತಿಕೊಳ್ಳುತ್ತಾರೆ.

ಗಡಿಯಾರ ಹಿಡಿದು ನೋಡೋಣ. 7ನ್ನು ಒಂದನೇ ಥ್ರೆಡ್ 0 ಮಿಲಿಸೆಕೆಂಡ್‌ಗೆ ಎತ್ತಿಕೊಂಡಿತು. ಅದು ಇಮೇಲ್ ಸರಿಯಾಗಿದೆಯೇ ಎಂದು ಹೊರಗಿನ ಒಂದು ಸರ್ವಿಸ್ ಅನ್ನು ಕೇಳುತ್ತದೆ. ಆ ಸಲ ಉತ್ತರ ಬರಲು 900 ಮಿಲಿಸೆಕೆಂಡ್ ಹಿಡಿಯಿತು. 8ನ್ನು ಎರಡನೇ ಥ್ರೆಡ್ 2 ಮಿಲಿಸೆಕೆಂಡ್‌ಗೆ ಎತ್ತಿಕೊಂಡಿತು. ಅದಕ್ಕೆ ಉತ್ತರ 60 ಮಿಲಿಸೆಕೆಂಡ್‌ನಲ್ಲೇ ಬಂತು. 62ರಲ್ಲಿ ಸರಿಯಾದ ಇಮೇಲ್ ಡೇಟಾಬೇಸ್ ಸೇರಿತು. 900ರಲ್ಲಿ ತಪ್ಪಾದ ಇಮೇಲ್ ಬಂದು ಅದರ ಮೇಲೆ ಕೂತಿತು. ಎಲ್ಲೂ ಎರರ್ ಇಲ್ಲ. ಲಾಗ್‌ನಲ್ಲಿ ಎರಡೂ "ಯಶಸ್ವಿ". ಹಾಗಾಗಿಯೇ ಈ ತಪ್ಪು ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಿರುತ್ತದೆ.

ಅತಿ ಸರಳ ಮದ್ದು ಥ್ರೆಡ್ ಪೂಲ್ ತೆಗೆದುಹಾಕುವುದು. ಒಂದು ಪಾರ್ಟಿಷನ್‌ನ ಕೆಲಸವನ್ನು ಒಂದರ ಹಿಂದೆ ಒಂದು ಮಾಡಿ. ನಿಮ್ಮ ಹೊರೆಗೆ ಅದು ಸಾಕಾಗುತ್ತದೆಯೇ ಎಂದು ನಿಜವಾಗಿ ಅಳೆದು ನೋಡಿ. ಎಷ್ಟೋ ಕಡೆ ಸಾಕಾಗುತ್ತದೆ. ಸಾಲದಿದ್ದರೆ ಥ್ರೆಡ್‌ಗಳು ಇರಲಿ, ಆದರೆ ಒಬ್ಬ ಗ್ರಾಹಕನ ಕೆಲಸ ಯಾವಾಗಲೂ ಒಂದೇ ಥ್ರೆಡ್‌ಗೆ ಹೋಗುವಂತೆ ಮಾಡಿ. 16 ಥ್ರೆಡ್‌ನ ಒಂದು ಪೂಲ್ ಬದಲು, ಒಂದೊಂದೇ ಥ್ರೆಡ್ ಇರುವ 16 ಕೆಲಸಗಾರರನ್ನು ಇಟ್ಟುಕೊಳ್ಳಿ. ಪ್ರತಿಯೊಬ್ಬರ ಮುಂದೆಯೂ ಅವರದೇ ಒಂದು ಸಾಲು.

```java
int i = Math.floorMod(customerId.hashCode(), workers.length);
workers[i].submit(() -> handle(record));
```

C4417ರ ಎಲ್ಲ ಕೆಲಸವೂ ಈಗ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. 7 ಮುಗಿಯದೆ 8 ಶುರುವಾಗುವುದಿಲ್ಲ. ಬೇರೆ ಸಾಲಿನಲ್ಲಿರುವ ಗ್ರಾಹಕರು ಕಾಯಬೇಕಿಲ್ಲ. `%` ಬದಲು `floorMod` ಹಾಕಿದ್ದು ಸುಮ್ನೆ ಅಲ್ಲ. `hashCode` ಋಣ ಸಂಖ್ಯೆ ಕೊಡಬಹುದು, ಆಗ `%` ಕೂಡ ಋಣ ಉತ್ತರ ಕೊಟ್ಟು ಪ್ರೋಗ್ರಾಂ ಬೀಳುತ್ತದೆ.

ಈ ಬದಲಾವಣೆ ಮಾಡಿದ ದಿನದಿಂದ ಎರಡು ಹೊಸ ಜವಾಬ್ದಾರಿ ನಿಮ್ಮ ತಲೆಗೆ ಬರುತ್ತವೆ. ನಿಜ ಹೇಳಬೇಕೆಂದರೆ ಪೂಲ್ ಇದ್ದಾಗಲೂ ಇದ್ದವು, ಯಾರೂ ಗಮನಿಸಿರಲಿಲ್ಲ ಅಷ್ಟೇ.

ಒಂದು, ಆಫ್‌ಸೆಟ್ ಕಮಿಟ್. "ಇಲ್ಲಿಯವರೆಗೆ ಮುಗಿಸಿದ್ದೇನೆ" ಎಂದು ಕನ್ಸ್ಯೂಮರ್ ಬ್ರೋಕರ್‌ಗೆ ಹೇಳುವುದಕ್ಕೆ ಕಮಿಟ್ ಎನ್ನುತ್ತಾರೆ. ಮೂಲ ಸೆಟ್ಟಿಂಗ್‌ನಲ್ಲಿ ಅದು 5 ಸೆಕೆಂಡಿಗೊಮ್ಮೆ ತಾನಾಗೇ ನಡೆಯುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ನೀವು ತಂದದ್ದು ಎಷ್ಟು ಎಂಬುದು, ಮುಗಿಸಿದ್ದು ಎಷ್ಟು ಎಂಬುದಲ್ಲ. ಕೆಲಸಗಾರರ ಸಾಲಿನಲ್ಲಿ ಮೆಸೇಜ್ ಕಾದಿರುವಾಗಲೇ ಪ್ರೋಗ್ರಾಂ ಬಿದ್ದರೆ ಆ ಮೆಸೇಜ್ ಹೋಯಿತು. ಅದಕ್ಕೆ `enable.auto.commit=false` ಮಾಡಿ, ಕಮಿಟ್ ನೀವೇ ಮಾಡಿ. ನಿಯಮ ಸುಲಭ: ಮಧ್ಯೆ ತೂತಿಲ್ಲದೆ ಎಲ್ಲಿಯವರೆಗೆ ಮುಗಿದಿದೆಯೋ ಅಲ್ಲಿಯವರೆಗೆ ಮಾತ್ರ. 500, 501, 503 ಮುಗಿದಿವೆ, 502 ಇನ್ನೂ ನಡೆಯುತ್ತಿದೆ ಎಂದರೆ 502 ಎಂದು ಕಮಿಟ್ ಮಾಡಿ. ಕಾಫ್ಕಾದಲ್ಲಿ ಕಮಿಟ್ ಮಾಡುವ ಸಂಖ್ಯೆಯ ಅರ್ಥ "ಮುಂದೆ ಓದಬೇಕಾದದ್ದು ಇದು" ಎಂದು.

ಎರಡು, ರೀಬ್ಯಾಲೆನ್ಸ್. ಹೊಸ ಕನ್ಸ್ಯೂಮರ್ ಸೇರಿದಾಗ ಅಥವಾ ಒಂದು ಬಿದ್ದಾಗ ಪಾರ್ಟಿಷನ್‌ಗಳು ಮರುಹಂಚಿಕೆ ಆಗುತ್ತವೆ. ಪಾರ್ಟಿಷನ್ 4 ನಿಮ್ಮ ಕೈಯಿಂದ ಇನ್ನೊಬ್ಬರಿಗೆ ಹೋಯಿತು ಎಂದುಕೊಳ್ಳಿ. ಆದರೆ ನಿಮ್ಮ ಕೆಲಸಗಾರ ಇನ್ನೂ 7ನ್ನು ಮಾಡುತ್ತಲೇ ಇದ್ದಾನೆ. ಹೊಸ ಕನ್ಸ್ಯೂಮರ್ 7ನ್ನು ಮತ್ತೆ ತೆಗೆದುಕೊಂಡು ಬೇಗ ಮುಗಿಸಿ, 8ನ್ನೂ ಮುಗಿಸುತ್ತದೆ. ಆಮೇಲೆ ನಿಮ್ಮ ಹಳೆಯ 7 ಬಂದು ಬರೆಯುತ್ತದೆ. ಮತ್ತೆ ಅದೇ ಕಥೆ. `onPartitionsRevoked` ಎಂಬ ಕಡೆ, ಪಾರ್ಟಿಷನ್ ಬಿಟ್ಟುಕೊಡುವ ಮೊದಲು, ನಡೆಯುತ್ತಿರುವ ಕೆಲಸ ಮುಗಿಯುವವರೆಗೆ ಕಾಯಿರಿ, ಇನ್ನೂ ಶುರುವಾಗದ್ದನ್ನು ಸಾಲಿನಿಂದ ತೆಗೆಯಿರಿ, ಆಮೇಲೆ ಕಮಿಟ್ ಮಾಡಿ.

ಆದರೆ ಇದೂ ನೂರಕ್ಕೆ ನೂರು ಕಾಯುವುದಿಲ್ಲ. ಮೆಸೇಜ್ ತರುವ ಎರಡು `poll` ಕರೆಗಳ ನಡುವೆ `max.poll.interval.ms` ಮೀರಿದರೆ, ಮೂಲ ಬೆಲೆ 5 ನಿಮಿಷ, ನಿಮ್ಮನ್ನು ಗುಂಪಿನಿಂದ ಹೊರಹಾಕಿ ಪಾರ್ಟಿಷನ್ ಬೇರೆಯವರಿಗೆ ಕೊಡಲಾಗುತ್ತದೆ. ನಿಮ್ಮ ಥ್ರೆಡ್‌ಗೆ ಆ ಸುದ್ದಿ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಆ ಉಳಿದ ತೂತಿಗೇ ಹಂತ 7 ಬೇಕಾಗುವುದು.

ಹಂತ 6: ಮರುಪ್ರಯತ್ನದ ಟಾಪಿಕ್

7 ವಿಫಲವಾಯಿತು. ಹೊರಗಿನ ಸರ್ವಿಸ್ ಉತ್ತರಿಸಲಿಲ್ಲ. ಒಳ್ಳೆಯ ಉದ್ದೇಶದಿಂದಲೇ ನೀವು ಅದನ್ನು `customer-tasks-retry` ಎಂಬ ಇನ್ನೊಂದು ಟಾಪಿಕ್‌ಗೆ ಹಾಕಿ, 30 ಸೆಕೆಂಡ್ ಆದ ಮೇಲೆ ಮತ್ತೆ ಮಾಡುತ್ತೀರಿ. ಅಷ್ಟರಲ್ಲಿ 8 ಮುಗಿದಿರುತ್ತದೆ. ಅಂದರೆ ಇಲ್ಲಿ ಸರದಿ ತಪ್ಪಿಸಿದ್ದು ನಾವೇ. ಕೋಡ್ ಪರಿಶೀಲನೆಯಲ್ಲಿ ನಾನು ಮೊದಲು ಹುಡುಕುವುದೂ ಇದನ್ನೇ, ಯಾಕೆಂದರೆ ನೋಡಲು ಇದು ಜಾಗರೂಕ ಕೋಡ್‌ನಂತೆ ಕಾಣುತ್ತದೆ.

ನಿಮಗೆ ಎರಡು ದಾರಿಗಳಿವೆ. ಮೊದಲನೆಯದು ಅಲ್ಲೇ ನಿಲ್ಲುವುದು. 7 ಮುಗಿಯುವವರೆಗೆ ಆ ಪಾರ್ಟಿಷನ್ ಅನ್ನು `pause()` ಮಾಡಿ, `poll` ಮಾತ್ರ ಮುಂದುವರಿಸಿ, ಅದನ್ನೇ ಮತ್ತೆ ಮತ್ತೆ ಪ್ರಯತ್ನಿಸಿ. ಸರದಿ ಖಂಡಿತ ಉಳಿಯುತ್ತದೆ. ಆದರೆ ಅದೇ ಪಾರ್ಟಿಷನ್‌ನ ಸಾವಿರಾರು ಬೇರೆ ಗ್ರಾಹಕರೂ C4417ರ ಹಿಂದೆ ನಿಂತುಬಿಡುತ್ತಾರೆ. ಕೆಲವೇ ಸೆಕೆಂಡ್‌ಗಳ ತೊಂದರೆಯಾದರೆ ಇದೇ ಸಾಕು.

ಎರಡನೆಯದು ಆ ಗ್ರಾಹಕನನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸುವುದು. 7 ವಿಫಲವಾದ ಕೂಡಲೇ C4417 ಅನ್ನು "ತಡೆದಿದೆ" ಎಂಬ ಪಟ್ಟಿಗೆ ಸೇರಿಸಿ, ಡೇಟಾಬೇಸ್‌ನಲ್ಲಿ. ಪ್ರತಿ ಮೆಸೇಜ್ ಶುರು ಮಾಡುವ ಮೊದಲು ಆ ಪಟ್ಟಿ ನೋಡಿ. 8 ಬಂದಾಗ C4417 ಪಟ್ಟಿಯಲ್ಲಿದೆ, ಆದ್ದರಿಂದ 8ನ್ನು ಓಡಿಸದೆ 7ರ ಹಿಂದೆಯೇ ಕಾಯುವ ಟೇಬಲ್‌ಗೆ ಹಾಕಿ. 7 ಮುಗಿದ ಮೇಲೆ ಕಾದವರನ್ನು ಸರದಿಯಲ್ಲಿ ಓಡಿಸಿ, ಎಲ್ಲ ಖಾಲಿಯಾದ ಮೇಲೆ ಹೆಸರು ತೆಗೆಯಿರಿ. "ಕಾಯುವವರು ಯಾರೂ ಇಲ್ಲ" ಎಂದು ನೋಡುವುದು ಮತ್ತು ಹೆಸರು ತೆಗೆಯುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಆ ಗ್ರಾಹಕನ ಸಾಲಿಗೆ ಬೀಗ ಹಾಕಿಕೊಂಡು ನಡೆಯಬೇಕು. ಹೊಸ ಮೆಸೇಜ್ ಸೇರಿಸುವವರೂ ಅದೇ ಬೀಗ ಹಿಡಿಯಬೇಕು. ಇಲ್ಲದಿದ್ದರೆ ಅವೆರಡರ ನಡುವೆ 9ನೇ ಮೆಸೇಜ್ ಬಂದು ಕಾಯುವ ಟೇಬಲ್‌ನಲ್ಲೇ ಅನಾಥವಾಗಿ ಉಳಿಯುತ್ತದೆ.

ಅಮೆಜಾನ್ ಎಸ್‌ಕ್ಯೂಎಸ್‌ನ ಫೈಫೋ ಕ್ಯೂ ಬಳಸುವವರಿಗೆ ಈ ಎರಡನೇ ದಾರಿಯ ಬಹುಪಾಲು ತಾನಾಗೇ ಸಿಗುತ್ತದೆ. `MessageGroupId` ಜಾಗದಲ್ಲಿ ಗ್ರಾಹಕನ ಐಡಿ ಕೊಟ್ಟರೆ, ಆ ಗುಂಪಿನ ಒಂದು ಮೆಸೇಜ್ ಯಾರದೋ ಕೈಯಲ್ಲಿರುವಾಗ ಅದರ ಮುಂದಿನದನ್ನು ಅದು ಬೇರೆ ಯಾರಿಗೂ ಕೊಡುವುದಿಲ್ಲ. ಆದರೆ ಪದೇಪದೇ ವಿಫಲವಾದದ್ದನ್ನು ಬೇರೆ ಕ್ಯೂಗೆ ಸರಿಸುವಂತೆ ಹೇಳಿದ್ದರೆ, ಸರಿಸಿದ ಕ್ಷಣದಿಂದ 8ಕ್ಕೆ ದಾರಿ ತೆರೆಯುತ್ತದೆ. 7 ಕೊನೆಗೂ ಆಗಲೇ ಇಲ್ಲ ಎಂದಾದರೆ 8ನ್ನು ಮಾಡಬಹುದೇ, ಬೇಡವೇ? ಇದನ್ನು ಕ್ಯೂ ತೀರ್ಮಾನಿಸಲಾರದು. ಆ ವ್ಯವಹಾರ ಗೊತ್ತಿರುವವರ ಜೊತೆ ಕೂತು ಮೊದಲೇ ಬರೆದಿಡಿ. ಇಮೇಲ್ ಬದಲಾವಣೆಯಲ್ಲಿ 7 ಬಿಟ್ಟುಹೋದರೆ ನಷ್ಟವಿಲ್ಲ. ಹಣ ಜಮಾ ಆಗುವ ಮೆಸೇಜ್ ಬಿಟ್ಟುಹೋದರೆ ಅದರ ಮುಂದಿನ ಪ್ರತಿ ಲೆಕ್ಕವೂ ತಪ್ಪು.

ಹಂತ 7: ಬರೆಯುವ ಜಾಗದಲ್ಲೇ ವರ್ಶನ್ ಕೇಳಿ

ಮೇಲಿನ ಎಲ್ಲವನ್ನೂ ಮಾಡಿದ ಮೇಲೂ ಒಂದೇ ಮೆಸೇಜ್ ಎರಡು ಸಲ ಬರಬಹುದು, ಹಳೆಯ ಥ್ರೆಡ್ ತಡವಾಗಿ ಎಚ್ಚರಗೊಳ್ಳಬಹುದು. ಕೊನೆಯ ಕಾವಲು ಇರಬೇಕಾದದ್ದು ಕನ್ಸ್ಯೂಮರ್ ತನ್ನ ಡೇಟಾಬೇಸ್‌ಗೆ ಬರೆಯುವ ಸಾಲಿನಲ್ಲಿ. ಹಂತ 4ರಲ್ಲಿ ಹಾಕಿದ ವರ್ಶನ್ ನಂಬರ್ ಇಲ್ಲಿ ಕೆಲಸಕ್ಕೆ ಬರುತ್ತದೆ.

```sql
UPDATE customer_view
SET email = ?, version = 8
WHERE id = 'C4417' AND version = 7;
```

ಒಂದು ಸಾಲು ಬದಲಾಯಿತು ಎಂದರೆ ಸರದಿ ಸರಿ ಇದೆ. ಸೊನ್ನೆ ಸಾಲು ಬದಲಾಯಿತು ಎಂದರೆ ಈಗಿರುವ ವರ್ಶನ್ ಓದಿ ನೋಡಿ. ಅದು 8 ಅಥವಾ ಜಾಸ್ತಿ ಇದ್ದರೆ ಇದು ಹಳೆಯ ಅಥವಾ ಎರಡನೇ ಸಲ ಬಂದ ಮೆಸೇಜ್, ಲಾಗ್ ಬರೆದು ಬಿಟ್ಟುಬಿಡಿ. 7ಕ್ಕಿಂತ ಕಡಿಮೆ ಇದ್ದರೆ ಇದು ಬೇಗ ಬಂದಿದೆ. ಹಂತ 6ರ ಕಾಯುವ ಟೇಬಲ್‌ಗೆ ಹಾಕಿ.

"`version < 8` ಎಂದು ಬರೆದರೆ ಸಾಲದಾ?" ಎಂದು ಹಲವರು ಕೇಳುತ್ತಾರೆ. ಮೆಸೇಜ್‌ನಲ್ಲಿ ಗ್ರಾಹಕನ ಪೂರ್ತಿ ಸ್ಥಿತಿ ಇದ್ದರೆ ಸಾಕು, ಆಗ ಕೊನೆಯದೊಂದು ಬಂದರೆ ಹಿಂದಿನವು ಬೇಕಿಲ್ಲ. ಮೆಸೇಜ್‌ನಲ್ಲಿ "ಇಷ್ಟು ಕೂಡಿಸು", "ಈ ಒಂದು ಭಾಗ ಮಾತ್ರ ಬದಲಿಸು" ಎಂಬಂಥದ್ದು ಇದ್ದರೆ ಸಾಲದು. 7ನ್ನು ಹಾರಿ 8 ಬಂದರೆ 7ರಲ್ಲಿದ್ದ ಬದಲಾವಣೆ ಶಾಶ್ವತವಾಗಿ ಹೋಗುತ್ತದೆ. ಅನುಮಾನ ಇದ್ದರೆ `=` ಬಳಸಿ.

ಈ ಕಾವಲು ಕಾಯುವುದು ಡೇಟಾಬೇಸ್ ಸಾಲನ್ನು ಮಾತ್ರ ಎಂಬುದು ನೆನಪಿರಲಿ. ಕೆಲಸದ ಮಧ್ಯೆ ಹೊರಗೆ ಮೇಲ್ ಹೋದರೆ ಅದನ್ನು ವಾಪಸ್ ಕರೆಯಲಾಗುವುದಿಲ್ಲ. ಆದ್ದರಿಂದ ಹೊರಗೆ ಹೋಗುವ ಕ್ರಿಯೆಯನ್ನು ಈ ಅಪ್‌ಡೇಟ್ ಗೆದ್ದ ಮೇಲೆ ಮಾಡಿ. ಮೊದಲು ಮಾಡಬೇಡಿ.

ಹಂತ 8: ಬೇಕಂತಲೇ ಕೆಡಿಸಿ ನೋಡಿ

ಪರೀಕ್ಷೆಯ ಪರಿಸರದಲ್ಲಿ 50 ಗ್ರಾಹಕರಿಗೆ ತಲಾ 200 ಮೆಸೇಜ್ ಕಳಿಸಿ, ವರ್ಶನ್ 1ರಿಂದ 200. ಕೆಲಸ ಮಾಡುವ ಕೋಡ್ ಒಳಗೆ 0ರಿಂದ 500 ಮಿಲಿಸೆಕೆಂಡ್ ನಡುವೆ ಎಷ್ಟಾದರೂ ಮಲಗುವ ಸಾಲು ಸೇರಿಸಿ. 20ರಲ್ಲಿ ಒಂದು ಮೆಸೇಜ್ ಮೊದಲ ಸಲ ವಿಫಲವಾಗಲಿ. ಮಧ್ಯದಲ್ಲಿ ಒಂದು ಕನ್ಸ್ಯೂಮರ್ ಅನ್ನು `kill -9` ಮಾಡಿ, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದನ್ನು ಸೇರಿಸಿ. ಮಲಗುವ ಸಾಲು ಇಲ್ಲದೆ ಈ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಎಲ್ಲ ಕೆಲಸವೂ ಒಂದೇ ವೇಗದಲ್ಲಿ ಮುಗಿದರೆ ಸರದಿ ಸಾಮಾನ್ಯವಾಗಿ ತಪ್ಪುವುದೇ ಇಲ್ಲ.

ಪ್ರತಿ ಕೆಲಸಕ್ಕೂ ಲಾಗ್‌ನಲ್ಲಿ ಗ್ರಾಹಕ, ವರ್ಶನ್, ಪಾರ್ಟಿಷನ್, ಆಫ್‌ಸೆಟ್, ಶುರುವಾದ ಹೊತ್ತು, ಮುಗಿದ ಹೊತ್ತು, ಬದಲಾದ ಸಾಲುಗಳ ಎಣಿಕೆ ಇರಲಿ. ಕೊನೆಯಲ್ಲಿ 50 ಗ್ರಾಹಕರದೂ ವರ್ಶನ್ 200 ಆಗಿರಬೇಕು. ಆಮೇಲೆ ಸೊನ್ನೆ ಸಾಲು ಬದಲಾದ ಲಾಗ್‌ಗಳನ್ನು ಎರಡು ರಾಶಿ ಮಾಡಿ. "ಹಳೆಯದು" ಎಂಬ ರಾಶಿಯಲ್ಲಿ ಕೆಲವು ಇರುವುದು ಸಹಜ, ಕನ್ಸ್ಯೂಮರ್ ಬಿದ್ದಾಗ ಮೆಸೇಜ್ ಎರಡನೇ ಸಲ ಬರುತ್ತದೆ. "ಬೇಗ ಬಂದಿದೆ" ಎಂಬ ರಾಶಿ ಮಾತ್ರ ಖಾಲಿ ಇರಬೇಕು. ಅಲ್ಲಿ ಒಂದೇ ಒಂದು ಇದ್ದರೂ ಹಂತ 3ರಿಂದ 6ರೊಳಗೆ ಎಲ್ಲೋ ಬಾಗಿಲು ತೆರೆದಿದೆ ಎಂದರ್ಥ. ಆ ಮೆಸೇಜ್‌ನ ಮತ್ತು ಅದರ ಹಿಂದಿನ ವರ್ಶನ್‌ನ ಪಾರ್ಟಿಷನ್, ಆಫ್‌ಸೆಟ್ ಎರಡನ್ನೂ ಹಂತ 2ರ ಹಾಗೆ ಪಕ್ಕಪಕ್ಕ ಇಟ್ಟರೆ ಯಾವ ಬಾಗಿಲು ಎಂದು ಗೊತ್ತಾಗುತ್ತದೆ. ಈ ಎರಡು ರಾಶಿಗಳ ಎಣಿಕೆಯನ್ನು ನಿಜವಾದ ಪರಿಸರದಲ್ಲೂ ಬೇರೆ ಬೇರೆಯಾಗಿಯೇ ಗಮನಿಸುತ್ತಿರಿ, ಎರಡನೆಯದು ಸೊನ್ನೆ ದಾಟಿದ ಕೂಡಲೇ ನಿಮಗೆ ಅಲಾರಂ ಬರುವಂತೆ ಇಟ್ಟುಕೊಳ್ಳಿ.